ಮತ್ಸ್ಯಕನ್ಯೆ ಕಂಡರೆ ಬಿರುಗಾಳಿಯೋ, ಅದೃಷ್ಟವೋ?

ಪ್ರಶ್ನೆ: ನಾವಿಕರು ಮತ್ಸ್ಯಕನ್ಯೆ ಅಂತ ನೋಡಿದ್ದು ನಿಜವಾಗಿ ಕಡಲಹಸು ಅಂತ ಓದಿದ್ದೆ. ಆದ್ರೆ ಕಡಲಹಸುವೇ ಇಲ್ಲದ ಹಿಮದ ಸಮುದ್ರದಲ್ಲೂ ಈ ಕಥೆಗಳಿವೆಯಲ್ಲ? ಅಲ್ಲಿನವರು ನೋಡಿದ್ದೇನು? ಇನ್ನೊಂದು: ಒಂದು ಕಡೆ ಅವಳು ಕಂಡರೆ ಹಡಗು ಮುಳುಗುತ್ತದೆ ಅಂತಾರೆ, ಇನ್ನೊಂದು ಕಡೆ ಸಮುದ್ರದ ಜನವೇ ಮನುಷ್ಯರನ್ನ ಕಾಪಾಡ್ತಾರೆ ಅಂತಾರೆ. ಯಾಕೆ ಹೀಗೆ?

ಉತ್ತರ: ಮೊದಲು ಕಡಲಹಸುವಿನ ವಿಷಯ ಮುಗಿಸಿಬಿಡೋಣ. ಅದು ಪೂರ್ತಿ ಸುಳ್ಳಲ್ಲ. ಕೊಲಂಬಸ್‌ನ ದಿನಚರಿಯಲ್ಲಿ 1493ರ ಜನವರಿ 9ರಂದು ಒಂದು ಟಿಪ್ಪಣಿ ಇದೆ. ಕೆರೀಬಿಯನ್‌ನ ಹಿಸ್ಪಾನಿಯೋಲಾ ದ್ವೀಪದ ಹತ್ತಿರ ಮೂರು ಮತ್ಸ್ಯಕನ್ಯೆಯರು ನೀರಿನಿಂದ ಮೇಲೆದ್ದಿದ್ದನ್ನು ಕಂಡನಂತೆ. ಆದರೆ ಚಿತ್ರದಲ್ಲಿ ಬರೆಯುವಷ್ಟು ಚೆಲುವೆಯರಲ್ಲ ಅಂತಲೂ ಅಲ್ಲಿದೆ. ಅವನು ನೋಡಿದ್ದು ಮ್ಯಾನಟೀ ಎಂಬ ಕಡಲಹಸು ಇರಬೇಕು. ಆ ನೀರಿನಲ್ಲಿ ಅದು ಇವತ್ತಿಗೂ ಇದೆ. ನನಗೆ ಇಲ್ಲಿ ಮಜಾ ಅನಿಸುವುದು ಆ 'ಚೆಲುವೆಯರಲ್ಲ' ಎಂಬ ಮಾತು. ನಿರಾಸೆ ಆಗಬೇಕಾದರೆ ಮೊದಲೇ ಏನೋ ನಿರೀಕ್ಷೆ ಇರಬೇಕು, ಅಲ್ವಾ? ಪ್ರಾಣಿ ಕಣ್ಣಿಗೆ ಬೀಳುವ ಮುಂಚೆಯೇ ಚಿತ್ರ ತಲೆಯಲ್ಲಿತ್ತು. ಅಂದರೆ ಕಡಲಹಸುವಿನಿಂದ ಕಥೆ ಹುಟ್ಟಲಿಲ್ಲ. ಮೊದಲೇ ಇದ್ದ ಕಥೆಯನ್ನು ಕಡಲಹಸುವಿಗೆ ತೊಡಿಸಿದರು, ಅಷ್ಟೇ.

ನೀವು ಹೇಳಿದ ಹಾಗೆ ಉತ್ತರದ ಸಮುದ್ರಕ್ಕೆ ಹೋದರೆ ಈ ವಿವರಣೆ ನಿಲ್ಲುವುದಿಲ್ಲ. 1608ರ ಜೂನ್ 15ರಂದು ಇಂಗ್ಲೆಂಡಿನ ಕಡಲಯಾನಿ ಹೆನ್ರಿ ಹಡ್ಸನ್‌ನ ಹಡಗು ರಷ್ಯಾದ ಉತ್ತರಕ್ಕಿರುವ ನೊವಾಯಾ ಜೆಮ್ಲ್ಯಾ ಕಡೆ ಸಾಗುತ್ತಿತ್ತು. ಅವನ ಇಬ್ಬರು ನಾವಿಕರು ಹಡಗಿನ ಪಕ್ಕದಲ್ಲೇ ಒಬ್ಬಳನ್ನು ಕಂಡರು. ಬಿಳಿ ಚರ್ಮ, ಉದ್ದನೆಯ ಕಪ್ಪು ಕೂದಲು, ಹೆಣ್ಣಿನಂಥ ಎದೆ, ಮುಳುಗುವಾಗ ಕಂಡ ಬಾಲ ಹಂದಿಮೀನಿನ ಬಾಲದ ಹಾಗೆ, ಮೇಲೆ ಬಂಗುಡೆಯಂಥ ಚುಕ್ಕೆ. ಅವಳು ತಮ್ಮನ್ನೇ ದಿಟ್ಟಿಸಿ ನೋಡುತ್ತಿದ್ದಳು ಎಂದೂ ಹೇಳಿದರು. ಆ ಸಮುದ್ರದಲ್ಲಿ ಕಡಲಹಸು ಇಲ್ಲ. ಚಳಿ ಸಮುದ್ರದ ಕಡಲಹಸು ಒಂದಿತ್ತು ನಿಜ, ಆದರೆ ಅದು ಬಹಳ ದೂರದ ಬೇರಿಂಗ್ ಸಮುದ್ರದಲ್ಲಿ. 1741ರಲ್ಲಿ ಅದನ್ನು ಕಂಡುಹಿಡಿದರು, 1768ರ ಹೊತ್ತಿಗೆ ತಿಂದು ಮುಗಿಸಿದರು. ಹಡ್ಸನ್‌ನ ನಾವಿಕರು ನೋಡಿದ್ದು ಯಾವುದೋ ಸೀಲ್ ಆಗಿರಬಹುದು. ಸೀಲ್ ನೀರಿನಲ್ಲಿ ನೆಟ್ಟಗೆ ನಿಂತು, ಕತ್ತು ಎತ್ತಿ, ದುಂಡನೆಯ ಕಣ್ಣಿನಿಂದ ದೋಣಿಯನ್ನೇ ನೋಡುತ್ತದೆ. ಅದು ನೋಡುವ ರೀತಿಗೆ ಯಾರಿಗಾದರೂ ಮನುಷ್ಯರ ನೆನಪಾಗಬೇಕು.

ಆದರೆ ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಹಡ್ಸನ್‌ಗಿಂತ ಮುನ್ನೂರೈವತ್ತು ವರ್ಷ ಹಳೆಯದು. ಸುಮಾರು 1250ರಲ್ಲಿ ನಾರ್ವೆಯ ರಾಜನ ಆಸ್ಥಾನದಲ್ಲಿ ಒಂದು ಪುಸ್ತಕ ಬರೆದರು. ಅದರ ಹೆಸರು 'ರಾಜನ ಕನ್ನಡಿ' ಎಂದಾಗುತ್ತದೆ. ಮಗ ಪ್ರಶ್ನೆ ಕೇಳುತ್ತಾನೆ, ಅಪ್ಪ ಉತ್ತರ ಕೊಡುತ್ತಾನೆ. ವ್ಯಾಪಾರ ಹೇಗೆ ಮಾಡಬೇಕು, ಯಾವ ತಿಂಗಳಲ್ಲಿ ಹಡಗು ಇಳಿಸಬೇಕು ಎಂಬಂಥ ಮಾತುಗಳೇ ಜಾಸ್ತಿ. ಅಜ್ಜಿಕಥೆ ಹೇಳುವ ಪುಸ್ತಕ ಅಲ್ಲ. ಅದರಲ್ಲಿ ಗ್ರೀನ್‌ಲ್ಯಾಂಡ್ ಸಮುದ್ರದ ಬಗ್ಗೆ ಹೇಳುವಾಗ ಅಪ್ಪ ಎರಡು ಜೀವಿಗಳನ್ನು ವಿವರಿಸುತ್ತಾನೆ.

ಮೊದಲನೆಯದು ಗಂಡು, ಹೆಸರು ಹಾಫ್‌ಸ್ಟ್ರಾಂಬಿ. ಎತ್ತರ, ದಪ್ಪ, ನೀರಿನಿಂದ ನೆಟ್ಟಗೆ ಮೇಲೆದ್ದು ನಿಲ್ಲುತ್ತದೆ. ಭುಜ, ಕತ್ತು, ತಲೆ, ಕಣ್ಣು, ಬಾಯಿ ಎಲ್ಲ ಮನುಷ್ಯನ ಹಾಗೆ. ತಲೆಯ ಮೇಲೆ ಚೂಪಾದ ಶಿರಸ್ತ್ರಾಣ ಇಟ್ಟ ಹಾಗೆ ಕಾಣುತ್ತದೆ. ಭುಜ ಇದೆ, ಕೈ ಇಲ್ಲ. ಭುಜದಿಂದ ಕೆಳಗೆ ಸಣ್ಣಗಾಗುತ್ತಾ ಹೋಗುತ್ತದೆ, ಒಟ್ಟು ಆಕಾರ ನೇತಾಡುವ ಹಿಮದ ಕೋಲಿನಂತೆ. ಕೆಳಗಡೆ ಮೀನಿನ ಬಾಲ ಇದೆಯೋ, ಗೂಟದಂತೆ ಚೂಪಾಗಿದೆಯೋ ಯಾರೂ ಕಂಡಿಲ್ಲ. ಮೈಮೇಲೆ ಇರುವುದು ಹುರುಪೆಯೋ ಚರ್ಮವೋ ಅದೂ ಗೊತ್ತಿಲ್ಲ. ಆದರೆ ಒಂದು ಗೊತ್ತು: ಅದು ಕಂಡಾಗಲೆಲ್ಲ ಹಿಂದೆಯೇ ಬಿರುಗಾಳಿ ಬರುತ್ತದೆ.

ಬರೆದವನ ಪ್ರಾಮಾಣಿಕತೆ ನೋಡಿ. ಕಟ್ಟುಕಥೆ ಹೇಳುವವನು ಬಾಲ ಇಟ್ಟೇ ಇಡುತ್ತಾನೆ. ಇವನು 'ಕೆಳಗೆ ಏನಿದೆ ಯಾರೂ ನೋಡಿಲ್ಲ' ಎನ್ನುತ್ತಾನೆ. ಹಾಗಾಗಿ ಈ ವಿವರಣೆಯ ಹಿಂದೆ ಯಾರೋ ನಿಜವಾಗಿ ನೋಡಿದ್ದು ಏನೋ ಇದೆ ಎಂದು ನನಗೆ ಮೊದಲಿಂದಲೂ ಅನಿಸುತ್ತಿತ್ತು.

1981ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ವಾಲ್ಡೆಮಾರ್ ಲೇನ್ ಮತ್ತು ಅವರ ಸಹೋದ್ಯೋಗಿ ಶ್ರೋಡರ್ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅವರು ಹೇಳಿದ್ದು ಸ್ಥೂಲವಾಗಿ ಇಷ್ಟು: ಆ ನಾವಿಕರು ನೋಡಿದ್ದು ಒಂದು ಥರದ ಬಿಸಿಲ್ಗುದುರೆ.

ನಮಗೆ ಗೊತ್ತಿರುವ ಬಿಸಿಲ್ಗುದುರೆ ಕಾದ ರಸ್ತೆಯ ಮೇಲಿನದು. ಕೆಳಗೆ ಬಿಸಿ ಗಾಳಿ, ಮೇಲೆ ತಂಪು ಗಾಳಿ, ಬೆಳಕು ಮೇಲಕ್ಕೆ ಬಾಗಿ ಆಕಾಶದ ತುಂಡು ನೆಲದ ಮೇಲೆ ನೀರಿನಂತೆ ಕಾಣುತ್ತದೆ. ಹಿಮದ ಸಮುದ್ರದಲ್ಲಿ ಇದು ತಿರುಗಾಮುರುಗಾ. ನೀರು ತಣ್ಣಗೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗೆ. ಅದರ ಮೇಲೆ ಎಲ್ಲಿಂದಲೋ ಬೆಚ್ಚನೆಯ ಗಾಳಿ ಬಂದು ಹರಡಿಕೊಂಡಿತು ಎಂದುಕೊಳ್ಳಿ. ಆಗ ಬೆಳಕು ತಣ್ಣನೆಯ ಪದರದ ಕಡೆಗೆ, ಅಂದರೆ ಕೆಳಕ್ಕೆ ಬಾಗುತ್ತದೆ. ದೂರದಲ್ಲಿ ಒಂದು ವಾಲ್ರಸ್ ತಲೆ ಎತ್ತಿದೆ, ಇಲ್ಲವೇ ಒಂದು ಬಂಡೆಯ ತುದಿ ಇದೆ. ಅದೇ ತುದಿಯಿಂದ ಹೊರಟ ಬೆಳಕು ಬೇರೆ ಬೇರೆ ದಾರಿಯಲ್ಲಿ ಬಾಗಿ, ಬೇರೆ ಬೇರೆ ಎತ್ತರದಿಂದ ಕಣ್ಣಿಗೆ ಬರುತ್ತದೆ. ಅಂಗೈಯಗಲದ ವಸ್ತು ಕಂಬದ ಹಾಗೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಗಾಳಿಯ ಪದರಗಳು ಮಲಗಿಕೊಂಡಿರುವುದರಿಂದ ಎಳೆತ ಮೇಲಕ್ಕೆ ಕೆಳಕ್ಕೆ ಮಾತ್ರ. ಅಗಲ ಇದ್ದಷ್ಟೇ ಇರುತ್ತದೆ.

ಈಗ ಹಳೆಯ ವಿವರಣೆಯನ್ನು ಮತ್ತೆ ಓದಿ. ನೆಟ್ಟಗೆ, ಎತ್ತರಕ್ಕೆ. ಭುಜ ಇದೆ, ಕೈ ಇಲ್ಲ. ಕೆಳಗೆ ಸಣ್ಣಗಾಗುತ್ತದೆ. ಹಿಮದ ಕೋಲಿನ ಆಕಾರ. ಮೈ ಹೇಗಿದೆ ಕಾಣುವುದಿಲ್ಲ, ಏಕೆಂದರೆ ಅದು ದೂರದಲ್ಲಿದೆ, ಅಲುಗಾಡುತ್ತಿದೆ. ಬುಡ ಯಾರಿಗೂ ಕಂಡಿಲ್ಲ, ಏಕೆಂದರೆ ಬುಡವೇ ಇಲ್ಲ. ಲೇನ್ ಇದನ್ನು ಬರೀ ಲೆಕ್ಕ ಹಾಕಿ ಬಿಡಲಿಲ್ಲ. ವಿನಿಪೆಗ್ ಸರೋವರದಲ್ಲಿ ಇಂಥದೇ ಹವೆಯಲ್ಲಿ ಒಂದು ಬಂಡೆ ಮನುಷ್ಯಾಕಾರವಾಗಿ ನಿಂತಂತೆ ಕಂಡಿದ್ದರ ಫೋಟೋ ತೆಗೆದು ತೋರಿಸಿದರು. ಕಲ್ಲು ಅಂತ ಗೊತ್ತಿದ್ದೂ ನೋಡಿದರೆ ಒಂದು ಕ್ಷಣ ಅಳುಕುತ್ತದೆ.

ಬಿರುಗಾಳಿಯ ಮಾತಿಗೂ ಇಲ್ಲೇ ಉತ್ತರ ಇದೆ. ತಣ್ಣನೆಯ ನೀರಿನ ಮೇಲೆ ಬೆಚ್ಚನೆಯ ಗಾಳಿ ಬಂದಿದ್ದು ಎಲ್ಲಿಂದ? ಆ ಭಾಗದಲ್ಲಿ ವಾಯುಭಾರ ಕುಸಿತ ಹತ್ತಿರ ಬರುವಾಗ ಅದರ ಮುಂಚೂಣಿಯಲ್ಲಿ ಬೆಚ್ಚಗಿನ ಗಾಳಿ ನುಗ್ಗುತ್ತದೆ. ಅದು ತಣ್ಣಗಿನ ಗಾಳಿಯ ಬೆನ್ನೇರಿ ಜಾರುತ್ತದೆ. ಆ ಹೊತ್ತಿಗೆ ಸಮುದ್ರ ಇನ್ನೂ ಶಾಂತವಾಗಿರಬಹುದು, ಆಕಾಶವೂ ತಿಳಿಯಾಗಿರಬಹುದು. ಆದರೆ ಗಾಳಿಯ ಪದರ ಆಗಲೇ ಬದಲಾಗಿದೆ. ದೂರದ ವಸ್ತು ಎದ್ದು ನಿಲ್ಲುತ್ತದೆ. ಆಮೇಲೆ ಬಿರುಗಾಳಿ. ಹೀಗಾಗಿ 'ಅವನು ಕಂಡರೆ ಬಿರುಗಾಳಿ' ಎಂಬುದು ಬರೀ ಮೂಢನಂಬಿಕೆ ಅಲ್ಲ. ಬ್ಯಾರೋಮೀಟರ್ ಇಲ್ಲದ ಕಾಲದಲ್ಲಿ ಅದೊಂದು ಹವಾಮಾನ ಸೂಚನೆ.

ಇದಕ್ಕೆ ಮಿತಿಯೂ ಇದೆ. ಬೆಚ್ಚನೆಯ ಪದರ ಬಂದಾಗಲೆಲ್ಲ ಬಿರುಗಾಳಿ ಬರಲೇಬೇಕೆಂದಿಲ್ಲ. ಸ್ಥಿರವಾದ ಒಳ್ಳೆಯ ಹವೆಯಲ್ಲೂ ಇಂಥ ದೃಶ್ಯ ಕಾಣುತ್ತದೆ. ನೋಡಿಯೂ ಏನೂ ಆಗದೆ ಊರು ಸೇರಿದವನು ಆ ಮಾತನ್ನು ಮರೆಯುತ್ತಾನೆ. ನೋಡಿದ ಮೇಲೆ ಬಿರುಗಾಳಿಗೆ ಸಿಕ್ಕು ಬದುಕಿದವನು ಸಾಯುವವರೆಗೂ ಹೇಳುತ್ತಾನೆ. ಹಾಗಾಗಿ ಪುಸ್ತಕದ 'ಯಾವಾಗಲೂ' ಎಂಬ ಮಾತನ್ನು ಸ್ವಲ್ಪ ಕಡಿಮೆ ಮಾಡಿ ಓದಬೇಕು. ಇನ್ನೊಂದು, ಕಣ್ಣು ನೀರಿಗೆ ಹತ್ತಿರ ಇದ್ದರೆ ಮಾತ್ರ ಈ ಆಟ ನಡೆಯುತ್ತದೆ. ಆ ಕಾಲದ ತಗ್ಗು ಹಡಗಿನ ಅಂಚಿನಲ್ಲಿ ನಿಂತವನಿಗೆ ಕಾಣುವುದು ಎತ್ತರದ ಪಟಕಂಬ ಏರಿದವನಿಗೆ ಕಾಣದೇ ಹೋಗಬಹುದು. ನಿಮಗೆಂದಾದರೂ ಇಂಥದ್ದು ಕಂಡರೆ ನೀವೇ ಪರೀಕ್ಷೆ ಮಾಡಬಹುದು. ನಾಲ್ಕು ಮೆಟ್ಟಿಲು ಹತ್ತಿ ನೋಡಿ, ಇಲ್ಲವೇ ಬಗ್ಗಿ ನೋಡಿ. ಪ್ರಾಣಿಯಾದರೆ ಹಾಗೇ ಇರುತ್ತದೆ. ಗಾಳಿಯ ಆಟವಾದರೆ ಉದ್ದ ಬದಲಾಗುತ್ತದೆ, ಅಗಲ ಬದಲಾಗುವುದಿಲ್ಲ.

ಅದೇ ಪುಸ್ತಕದ ಎರಡನೆಯ ಜೀವಿ ಹೆಣ್ಣು. ಹೆಸರು ಮಾರ್ಗ್ಯೂಗ್, ಅರ್ಥ ಹೆಚ್ಚು ಕಡಿಮೆ 'ಕಡಲ ರಾಕ್ಷಸಿ'. ಸೊಂಟದ ಮೇಲೆ ಹೆಂಗಸು, ಕೆಳಗೆ ಮೀನು. ಮುಖ ಭಯಂಕರ, ಬಾಯಿ ಅಗಲ, ಕೆನ್ನೆ ಸುಕ್ಕುಸುಕ್ಕು. ಚೆಲುವೆಗಿಲುವೆ ಏನಿಲ್ಲ. ಅವಳೂ ಬಿರುಗಾಳಿಗೆ ಮುಂಚೆ ಬರುತ್ತಾಳೆ, ಕೈಯಲ್ಲಿ ಮೀನು ಹಿಡಿದುಕೊಂಡೇ ಏಳುತ್ತಾಳೆ. ಈಗ ನಾವಿಕರು ಏನು ನೋಡುತ್ತಿದ್ದರು ಗೊತ್ತಾ? ಅವಳು ಮೀನಿನ ಜೊತೆ ಆಟವಾಡಿದರೆ ಅಥವಾ ಅದನ್ನು ಹಡಗಿನ ಕಡೆ ಎಸೆದರೆ ತುಂಬಾ ಜನ ಸಾಯುತ್ತಾರೆ. ತಾನೇ ತಿಂದರೆ, ಇಲ್ಲವೇ ಹಡಗಿನಿಂದ ಆಚೆ ಎಸೆದರೆ ಬಿರುಗಾಳಿ ಬಂದರೂ ಜೀವ ಉಳಿಯುತ್ತದೆ. ಗಂಡಿನ ವಿಷಯದಲ್ಲೂ ಹಾಗೇ: ಹಡಗಿನ ಕಡೆ ತಿರುಗಿ ಮುಳುಗಿದರೆ ಸಾವು, ಆಚೆ ತಿರುಗಿ ಮುಳುಗಿದರೆ ಬದುಕು.

ಮೀನು ಎಸೆಯುವುದನ್ನು ಬೆಳಕಿನ ಶಾಸ್ತ್ರದಿಂದ ವಿವರಿಸಲು ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಇಲ್ಲಿ ಕೆಲಸ ಮಾಡುತ್ತಿರುವುದು ಬೇರೆ. ಗ್ರೀನ್‌ಲ್ಯಾಂಡ್ ದಾರಿಯ ಹಡಗು ನಡುಗಡಲಿನಲ್ಲಿದೆ. ಸೂಚನೆ ಸಿಕ್ಕಿತು, ಸರಿ. ಆದರೆ ಓಡಿ ಸೇರಲು ದಡ ಎಲ್ಲಿದೆ? ಬರುವುದು ಬಂದೇ ಬರುತ್ತದೆ. ಉಳಿದಿರುವ ಪ್ರಶ್ನೆ ಒಂದೇ, ನಾನು ಬದುಕುತ್ತೇನಾ? ಅದಕ್ಕೇ ಅವರು ಸೂಚನೆಯೊಳಗೆ ಇನ್ನೊಂದು ಸೂಚನೆ ಹುಡುಕಿದರು. ನಡುಗಡಲಿನವನಿಗೆ ಬಿರುಗಾಳಿಯ ಮುನ್ಸೂಚನೆ ಸಿಕ್ಕರೆ ಸಿಗುವುದು ಬರೀ ಭಯ, ಉಪಯೋಗ ಏನಿಲ್ಲ.

ಈಗ ಅದೇ ನಾರ್ವೆಯ ದಡಕ್ಕೆ ಬನ್ನಿ. ಇಲ್ಲಿ ಮೀನುಗಾರರು ಹೇಳುವ ಒಂದು ಕಥೆ ಊರೂರಲ್ಲೂ ಸಣ್ಣಪುಟ್ಟ ಬದಲಾವಣೆಯೊಂದಿಗೆ ಸಿಗುತ್ತದೆ. ಒಬ್ಬ ಮೀನುಗಾರ ದೋಣಿಯಲ್ಲಿದ್ದಾಗ ಕಡಲ ಮನುಷ್ಯ ಚಳಿಯಲ್ಲಿ ನಡುಗುತ್ತಿರುವುದನ್ನು ನೋಡುತ್ತಾನೆ. ಪಾಪ ಅನಿಸಿ ಕೈಗೆ ಹಾಕುವ ತನ್ನ ಉಣ್ಣೆಯ ಗವುಸನ್ನು ಅವನಿಗೆ ಎಸೆಯುತ್ತಾನೆ. ಸ್ವಲ್ಪ ದಿನ ಆದ ಮೇಲೆ ಎಲ್ಲರೂ ಮೀನು ಹಿಡಿಯುತ್ತಿದ್ದಾಗ ಆ ಕಡಲ ಮನುಷ್ಯ ಮತ್ತೆ ಏಳುತ್ತಾನೆ. ಗವುಸು ಕೊಟ್ಟವನನ್ನು ಕೂಗಿ, ಗಾಳ ಎಳೆದುಕೋ, ದಡಕ್ಕೆ ಹೋಗು, ಗಾಳಿ ಬರುತ್ತಿದೆ ಎನ್ನುತ್ತಾನೆ. ಇವನು ಹುಟ್ಟು ಹಾಕಿ ಮನೆ ಸೇರುತ್ತಾನೆ. ನಂಬದೆ ಉಳಿದವರು ಸೇರುವುದಿಲ್ಲ.

ಗಮನಿಸಿದಿರಾ? ಎರಡೂ ಕಥೆಯಲ್ಲಿ ನಡೆಯುವುದು ಒಂದೇ. ಸಮುದ್ರದಿಂದ ಮನುಷ್ಯಾಕಾರ ಏಳುತ್ತದೆ, ಹಿಂದೆ ಬಿರುಗಾಳಿ ಬರುತ್ತದೆ. ಒಂದರಲ್ಲಿ ಅವನು ಯಮದೂತ, ಇನ್ನೊಂದರಲ್ಲಿ ಗೆಳೆಯ. ಬದಲಾಗಿರುವುದು ಕೇಳುವವನ ದೋಣಿ ದಡದಿಂದ ಎಷ್ಟು ದೂರ ಇದೆ ಎಂಬುದು. ದಡ ಹತ್ತಿರ ಇದ್ದರೆ ಅದೇ ಮುನ್ಸೂಚನೆ ಉಪಕಾರ ಆಗುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದೇ. ಇದು ನನ್ನ ಓದು, ಎಲ್ಲ ಪಂಡಿತರೂ ಒಪ್ಪಬೇಕೆಂದಿಲ್ಲ. ಆದರೆ ಒಂದು ಕಡಲ ಕಥೆ ಸಿಕ್ಕಿದರೆ ನಾನು ಮೊದಲು ಕೇಳುವುದು, ಇದನ್ನು ಹೇಳಿದವನು ಎಲ್ಲಿ ನಿಂತಿದ್ದ ಅಂತ.

ಸ್ಕಾಟ್ಲೆಂಡ್‌ನ ಉತ್ತರಕ್ಕಿರುವ ಆರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಗಳಲ್ಲಿ ನಿಂತ ಜಾಗ ಇನ್ನೂ ವಿಚಿತ್ರ. ಅಲ್ಲಿನ ಕಡಲ ಜನರ ಹೆಸರು ಸೆಲ್ಕಿ. ಅಲ್ಲಿನ ಮಾತಿನಲ್ಲಿ ಸೀಲ್‌ಗೇ ಆ ಹೆಸರು. ಸೆಲ್ಕಿಗಳು ಸಮುದ್ರದಲ್ಲಿ ಸೀಲ್, ದಡಕ್ಕೆ ಬಂದು ತೊಗಲು ಕಳಚಿದರೆ ಮನುಷ್ಯರು. ಹೆಚ್ಚಿನವರಿಗೆ ಗೊತ್ತಿರುವುದು ಹೆಂಡತಿಯ ಕಥೆ: ಒಬ್ಬ ಗಂಡಸು ಅವಳ ತೊಗಲನ್ನು ಬಚ್ಚಿಟ್ಟು ಮದುವೆಯಾಗುತ್ತಾನೆ, ಮಕ್ಕಳಾಗುತ್ತವೆ, ಒಂದು ದಿನ ತೊಗಲು ಸಿಗುತ್ತದೆ, ಅವಳು ಹೊರಟೇಬಿಡುತ್ತಾಳೆ. ಇದು ದಡದ ಕಥೆ, ಒಲೆಯ ಮುಂದೆ ಕೂತು ಹೇಳುವ ಕಥೆ. ದೋಣಿಯಲ್ಲಿರುವವನಿಗೆ ಮದುವೆಗೆ ಪುರುಸೊತ್ತಿಲ್ಲ.

ದೋಣಿಯವರ ಕಥೆ ಬೇರೆ. ಶೆಟ್ಲೆಂಡ್‌ನಲ್ಲಿ ಪಾಪಾ ಸ್ಟೂರ್ ಎಂಬ ಸಣ್ಣ ದ್ವೀಪ ಇದೆ. ಅದರ ವಾಯವ್ಯಕ್ಕೆ ಸುಮಾರು 5 ಕಿಲೋಮೀಟರ್ ದೂರದಲ್ಲಿ ವೇ ಸ್ಕೆರೀಸ್ ಎಂಬ ತಗ್ಗು ಬಂಡೆಗಳು. ಸೀಲ್‌ಗಳು ಅಲ್ಲಿ ಮಲಗುತ್ತವೆ. ಅವುಗಳ ತೊಗಲಿಗೂ ಎಣ್ಣೆಗೂ ಜನ ದೋಣಿ ತೆಗೆದುಕೊಂಡು ಹೋಗುತ್ತಿದ್ದರು. ಕಥೆಯಲ್ಲಿ ಹೀಗೇ ಒಂದು ಗುಂಪು ಹೋಗಿ, ಸೀಲ್‌ಗಳನ್ನು ದೊಣ್ಣೆಯಿಂದ ಹೊಡೆದು, ಪ್ರಜ್ಞೆ ತಪ್ಪಿದ್ದವುಗಳ ತೊಗಲು ಸುಲಿಯುತ್ತದೆ. ಅಷ್ಟರಲ್ಲಿ ಅಲೆ ಏಳುತ್ತದೆ. ಎಲ್ಲರೂ ದೋಣಿಗೆ ಹಾರುತ್ತಾರೆ, ಒಬ್ಬ ಹಿಂದೆ ಉಳಿಯುತ್ತಾನೆ. ದೋಣಿ ಮತ್ತೆ ಮತ್ತೆ ಬಂಡೆಗೆ ಹತ್ತಿರ ಬರಲು ನೋಡುತ್ತದೆ, ಆಗುವುದಿಲ್ಲ. ಕೊನೆಗೆ ಜೊತೆಗಾರನನ್ನು ಸಾಯಲು ಬಿಟ್ಟು ಹೊರಟುಹೋಗುತ್ತದೆ.

ಆಮೇಲೆ ಸೀಲ್‌ಗಳು ಬಂಡೆ ಹತ್ತುತ್ತವೆ. ತೊಗಲು ಕಳಚಿ ಮನುಷ್ಯರಾಗಿ, ಪೆಟ್ಟು ತಿಂದವರನ್ನು ಆರೈಕೆ ಮಾಡುತ್ತವೆ. ತೊಗಲು ಕಳಕೊಂಡ ಒಬ್ಬ ಹುಡುಗ ಇನ್ನು ಸಮುದ್ರದ ತಳದ ತನ್ನ ಮನೆಗೆ ಹೋಗುವಂತಿಲ್ಲ. ಅವನ ತಾಯಿ ಬಂಡೆಯ ಮೇಲೆ ನಡುಗುತ್ತಿರುವ ಮನುಷ್ಯನನ್ನು ನೋಡುತ್ತಾಳೆ. ನಿನ್ನನ್ನು ಬೆನ್ನ ಮೇಲೆ ಕೂರಿಸಿಕೊಂಡು ದಡಕ್ಕೆ ಬಿಡುತ್ತೇನೆ, ನನ್ನ ಮಗನ ತೊಗಲು ತಂದುಕೊಡು ಎನ್ನುತ್ತಾಳೆ. ಅವನು ಒಪ್ಪುತ್ತಾನೆ. ಆದರೆ ಆ ಅಲೆಯಲ್ಲಿ ಜಾರುವ ಬೆನ್ನ ಮೇಲೆ ಕೂರುವುದು ಹೇಗೆ? ನಿನ್ನ ತೊಗಲಿನಲ್ಲಿ ಕೈಕಾಲು ಸಿಕ್ಕಿಸಿಕೊಳ್ಳಲು ಸೀಳು ಮಾಡಲೇ ಎಂದು ಕೇಳುತ್ತಾನೆ. ಅವಳು ಅದಕ್ಕೂ ಒಪ್ಪುತ್ತಾಳೆ. ದಡ ಸೇರಿದ ಮೇಲೆ ಅವನು ತೊಗಲು ಹುಡುಕಿ ತಂದು ಕೊಡುತ್ತಾನೆ.

ಈ ಕಥೆ 1822ರಲ್ಲೇ ಅಚ್ಚಾಗಿದೆ. ನಾನು ಓದಿದ ಕಡಲ ಕಥೆಗಳಲ್ಲಿ ಇದರಷ್ಟು ಲೆಕ್ಕಾಚಾರದ ಕಥೆ ಇನ್ನೊಂದಿಲ್ಲ. ಪವಾಡ ಒಂದೇ ಒಂದು, ಉಳಿದಿದ್ದೆಲ್ಲ ಕಸುಬಿನ ಮಾತು. ಬಂಡೆಯ ಮೇಲೆ ಇಳಿಯುವುದು ಸುಲಭ, ಅಲೆ ಎದ್ದ ಮೇಲೆ ಹತ್ತಿಸಿಕೊಳ್ಳುವುದು ಕಷ್ಟ. ದೋಣಿ ಹತ್ತಿರ ಬಂದರೆ ಅಲೆ ಅದನ್ನು ಬಂಡೆಗೆ ಬಡಿಯುತ್ತದೆ. ಒಬ್ಬನಿಗಾಗಿ ಎಲ್ಲರೂ ಸಾಯಬೇಕಾ ಅಂತ ಅಲ್ಲೇ ನಿರ್ಧಾರ ಆಗಬೇಕು. ಇದು ಕಲ್ಪನೆ ಅಲ್ಲ. 1930ರಲ್ಲಿ ಬೆನ್ ಡೋರನ್ ಎಂಬ ಮೀನುಗಾರಿಕೆ ಹಡಗು ಇದೇ ವೇ ಸ್ಕೆರೀಸ್‌ಗೆ ಬಡಿದು ಸಿಕ್ಕಿಕೊಂಡಿತು. ಕಾಪಾಡಲು ಹೋದವರಿಗೆ ಹತ್ತಿರ ಸೇರಲು ಆಗಲಿಲ್ಲ. ಹಡಗಿನಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ. ಅಲ್ಲಿ ದೀಪಸ್ತಂಭ ನಿಂತಿದ್ದು 1979ರಲ್ಲಿ.

ಹಾಗಾದರೆ ಸೆಲ್ಕಿಯಲ್ಲಿ ಇರುವುದು ಭಯವೋ ಆಸೆಯೋ? ಎರಡೂ ಇವೆ, ಜೊತೆಗೆ ಪಾಪಪ್ರಜ್ಞೆಯೂ ಇದೆ. ಹೊಟ್ಟೆಪಾಡಿಗೆ ಸೀಲ್ ಕೊಲ್ಲಲೇಬೇಕು. ಆದರೆ ಅದರ ಕಣ್ಣು ಮನುಷ್ಯರ ಕಣ್ಣಿನ ಹಾಗಿದೆ, ಮರಿಯ ಕೂಗು ಮಗುವಿನ ಅಳುವಿನ ಹಾಗಿದೆ. ನಾಳೆ ನಾನೇ ಬಂಡೆಯ ಮೇಲೆ ಒಂಟಿಯಾಗಿ ಉಳಿದರೆ, ನನ್ನವರೇ ಬಿಟ್ಟುಹೋದರೆ, ನಾನು ಹೊಡೆದ ಈ ಪ್ರಾಣಿಯೇ ನನ್ನ ಕೈ ಹಿಡಿಯಬಹುದೇ? ಜೊತೆಗಾರರಿಂದ ಆಗದ್ದನ್ನು ಶತ್ರುವಿನ ತಾಯಿ ಮಾಡಿದಳು ಎಂಬುದು ಸಣ್ಣ ಮಾತಲ್ಲ. ಅದೂ ಬಿಟ್ಟಿ ಉಪಕಾರ ಅಲ್ಲ, ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಕಡಲಿನವರ ಜೊತೆ ಹಾಗೇ ಇರಬೇಕು ಎಂದು ಆ ಜನ ನಂಬಿದ್ದರು.

ಈಜಲು ಇಳಿಯುವವರು ನಿಲ್ಲುವ ಜಾಗ ಇನ್ನೊಂದು. ಇದಕ್ಕೆ ಇಂಡೋನೇಷ್ಯಾದ ಜಾವಾಕ್ಕೆ ಹೋಗಬೇಕು. ಅದರ ದಕ್ಷಿಣ ಕಡಲಿಗೆ ಒಬ್ಬ ರಾಣಿ, ನ್ಯಾಯಿ ರೋರೋ ಕಿಡುಲ್. ಅವಳನ್ನು ಬರೀ ಮತ್ಸ್ಯಕನ್ಯೆ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಅವಳು ಕಡಲ ತಳದ ಅರಸಿ, ಮತರಾಮ್ ವಂಶದ ರಾಜರಿಗೆ ಕಾಣದ ಲೋಕದ ಮಡದಿ. ಯೋಗ್ಯಕರ್ತಾದ ಅರಮನೆಯಿಂದ ಇವತ್ತಿಗೂ ಅವಳಿಗೆ ಬಟ್ಟೆ, ಹೂವು, ಸುಲ್ತಾನರು ಕತ್ತರಿಸಿದ ಕೂದಲು ಮತ್ತು ಉಗುರು ಪರಾಂಗ್‌ಕುಸುಮೋ ಕಡಲತೀರದಲ್ಲಿ ಅರ್ಪಣೆಯಾಗುತ್ತವೆ. ಅರಮನೆಗೆ ಅವಳು ರಕ್ಷಣೆ. ನೀರಿಗಿಳಿಯುವವರಿಗೆ ಮಾತ್ರ ಒಂದು ಎಚ್ಚರಿಕೆ: ಹಸಿರು ಬಟ್ಟೆ ಹಾಕಬೇಡಿ. ಅದು ಅವಳ ಬಣ್ಣ. ಹಾಕಿದರೆ ಕರೆದುಕೊಂಡು ಹೋಗುತ್ತಾಳೆ.

ಹಸಿರು ಬಟ್ಟೆ ಹಸಿರು ನೀರಿನಲ್ಲಿ ಕಾಣುವುದಿಲ್ಲ, ಕಾಪಾಡಲು ಕಷ್ಟ, ಅದಕ್ಕೇ ಈ ನಿಯಮ ಎಂದು ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಇದು ಆಮೇಲೆ ಹೊಂದಿಸಿದ ಕಾರಣ ಎಂದು ನನ್ನ ಗುಮಾನಿ. ರಾಣಿಯ ಬಣ್ಣವನ್ನು ಸಾಮಾನ್ಯರು ಮುಟ್ಟಬಾರದು ಎಂಬುದೇ ಸಾಕಷ್ಟು ಕಾರಣ. ಕಥೆಗೂ ಆ ತೀರಕ್ಕೂ ಇರುವ ನಿಜವಾದ ನಂಟು 'ಕರೆಯುತ್ತಾಳೆ' ಎಂಬ ಮಾತಿನಲ್ಲಿದೆ. ಜಾವಾದ ದಕ್ಷಿಣಕ್ಕೆ ಅಡ್ಡ ಬರುವ ಭೂಮಿಯೇ ಇಲ್ಲ. ದೂರದ ದಕ್ಷಿಣದಲ್ಲಿ ಎದ್ದ ಅಲೆಗಳು ಇಡೀ ಹಿಂದೂ ಮಹಾಸಾಗರ ದಾಟಿ ಬಂದು ಇಲ್ಲಿ ಒಡೆಯುತ್ತವೆ. ದಡಕ್ಕೆ ನುಗ್ಗಿದ ಅಷ್ಟೂ ನೀರು ಹಿಂದಕ್ಕೆ ಹೋಗಬೇಕು. ಅದು ಎಲ್ಲ ಕಡೆಯಿಂದ ಸಮನಾಗಿ ಹೋಗುವುದಿಲ್ಲ. ಕಿರಿದಾದ ಕಾಲುವೆಯಂಥ ಜಾಗ ಹಿಡಿದು ರಭಸದಿಂದ ಹೊರಗೆ ಓಡುತ್ತದೆ.

ಆ ಜಾಗ ನೋಡಲು ಹೇಗಿರುತ್ತದೆ? ಎರಡೂ ಪಕ್ಕ ಬಿಳಿ ನೊರೆ, ಅಲೆಯ ಅಬ್ಬರ. ನಡುವೆ ಮಾತ್ರ ನೀರು ಸುಮ್ನೆ ಇದೆ, ಸ್ವಲ್ಪ ಕಡುಬಣ್ಣ, ಅಲೆ ಒಡೆಯುತ್ತಿಲ್ಲ. ಗೊತ್ತಿಲ್ಲದವನು ಸ್ನಾನಕ್ಕೆ ಅದನ್ನೇ ಆರಿಸುತ್ತಾನೆ. ಒಳಗೆ ಕಾಲಿಟ್ಟರೆ ಯಾರೋ ಕೈ ಹಿಡಿದು ಎಳೆದ ಹಾಗೆ ಹೊರಗೆ ಒಯ್ಯುತ್ತದೆ. ಎಳೆತಕ್ಕೆ ಎದುರಾಗಿ ದಡದ ಕಡೆಗೇ ಈಜಿದವನು ಸುಸ್ತಾಗಿ ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಕಾಲುವೆ ದಾಟಿದರೆ ಅಲೆಗಳೇ ವಾಪಸ್ ತಳ್ಳುತ್ತವೆ. ದಡದಲ್ಲಿ ನಿಂತು ನೋಡಿದವರ ಕಣ್ಣಿಗೆ ಏನು ಬಿತ್ತು ಯೋಚಿಸಿ. ಅಬ್ಬರದ ಕಡೆ ಆಡುತ್ತಿದ್ದವರಿಗೆ ಏನೂ ಆಗಲಿಲ್ಲ. ಶಾಂತವಾದ ನೀರಿಗೆ ಹೋದವನು ಕೂಗಾಟವಿಲ್ಲದೆ, ನೇರವಾಗಿ, ದೂರ ಹೊರಟುಹೋದ. ಇದನ್ನು 'ಅವಳು ಕರೆದುಕೊಂಡಳು' ಎನ್ನದೆ ಇನ್ನೇನು ಎನ್ನುತ್ತಾರೆ?

ಕೊನೆಗೆ ಜಪಾನಿನವರದ್ದು ಒಂದು ಹೇಳಿಬಿಡುತ್ತೇನೆ. ಅಲ್ಲಿ ಮೀನುಮೈಯ ನಿಂಗ್ಯೋ ಎಂಬ ಜೀವಿಯ ಕಥೆಗಳೂ ಇವೆ. ಅದರ ಮಾಂಸ ತಿಂದ ಹುಡುಗಿ ಎಂಟುನೂರು ವರ್ಷ ಬದುಕಿ, ಗಂಡಂದಿರೂ ನೆಂಟರೂ ಸಾಯುವುದನ್ನು ನೋಡಿ ನೋಡಿ ಸಾಕಾಗಿ ಸನ್ಯಾಸಿನಿಯಾದಳಂತೆ. ಆದರೆ ದೋಣಿಯವರು ಹೆದರುತ್ತಿದ್ದುದು ಫುನಾಯೂರೇಗೆ. ಅಂದರೆ ಸಮುದ್ರದಲ್ಲಿ ಸತ್ತವರು. ರಾತ್ರಿ ದೋಣಿಯ ಪಕ್ಕ ಎದ್ದು, ಒಂದು ಸೌಟು ಕೊಡು ಎಂದು ಕೇಳುತ್ತಾರೆ. ಕೊಟ್ಟರೆ ಅದರಿಂದಲೇ ದೋಣಿಗೆ ನೀರು ತುಂಬಿ ಮುಳುಗಿಸುತ್ತಾರೆ. ಕೊಡದಿದ್ದರೂ ಬಿಡುವುದಿಲ್ಲ.

ತೆರೆದ ಸಣ್ಣ ದೋಣಿಯಲ್ಲಿ ಸಾವು ಬರುವುದೇ ಹಾಗೆ. ಒಂದು ದೊಡ್ಡ ಅಲೆಗೆ ದೋಣಿ ಮಗುಚದಿದ್ದರೂ, ಪ್ರತಿ ಅಲೆಯೂ ಒಂದೊಂದು ಸೌಟಿನಷ್ಟು ನೀರು ಒಳಗೆ ಸುರಿಯುತ್ತದೆ. ಒಳಗಿದ್ದವನು ಒಂದೊಂದು ಸೌಟು ಹೊರಗೆ ಚೆಲ್ಲುತ್ತಾನೆ. ಯಾರ ಕೈ ಮೊದಲು ಸೋಲುತ್ತದೆ ಎಂಬುದಷ್ಟೇ ಲೆಕ್ಕ. ಮೀನುಗಾರರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ತಳ ತೆಗೆದ ಸೌಟೊಂದನ್ನು ದೋಣಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಸತ್ತವರು ಕೇಳಿದರೆ ಅದನ್ನೇ ಕೊಡುವುದು. ಅವರು ಬೆಳಗಾಗುವವರೆಗೆ ಎಷ್ಟು ಮೊಗೆದರೂ ದೋಣಿಗೆ ನೀರು ಬೀಳುವುದಿಲ್ಲ. ನೀರು ಚೆಲ್ಲಲು ತಳ ಇರುವ ಸೌಟು ಹೇಗೂ ಬೇಕೇ ಬೇಕು. ಕತ್ತಲಲ್ಲಿ, ಗಾಬರಿಯಲ್ಲಿ, ಎರಡರಲ್ಲಿ ಯಾವುದು ಯಾವುದು ಅಂತ ಕೈ ಮುಟ್ಟಿ ತಿಳಿದುಕೊಳ್ಳುವ ಅಭ್ಯಾಸ ಇಟ್ಟುಕೊಂಡಿದ್ದರೆ ಒಳ್ಳೆಯದಿತ್ತು!